ವಿಷಯ: ನೆನಪಿಸದೆ ಕಡಿತವಾದ ವಾರ್ಷಿಕ ಚಂದಾ ಹಣ ವಾಪಸ್ ಕೋರಿ

ಗ್ರಾಹಕ ಸೇವಾ ವಿಭಾಗದವರಿಗೆ,

ನಮಸ್ಕಾರ. ಮಾರ್ಚ್ 14ರ ಬೆಳಗ್ಗೆ ನಿಮ್ಮ ವ್ಯಾಯಾಮದ ಆ್ಯಪ್‌ನ ಪ್ರೀಮಿಯಂ ಚಂದಾ ನವೀಕರಣವಾಗಿ, ನನ್ನ ಕಾರ್ಡ್‌ನಿಂದ ಇಡೀ ವರ್ಷದ ಹಣ ಕಡಿತವಾಗಿದೆ. ವಿಷಯ ತಿಳಿದದ್ದು ಬ್ಯಾಂಕಿನ ಮೆಸೇಜ್‌ನಿಂದ, ನಿಮ್ಮಿಂದಲ್ಲ.

ನವೀಕರಣಕ್ಕೆ ಮುಂಚೆ ಒಂದು ಇಮೇಲ್ ಕೂಡ ಬಂದಿಲ್ಲ. ಇನ್‌ಬಾಕ್ಸ್, ಸ್ಪ್ಯಾಮ್, ಆ್ಯಪ್‌ನ ನೋಟಿಫಿಕೇಶನ್ ಎಲ್ಲವನ್ನೂ ಹುಡುಕಿದೆ. ‘ಇವತ್ತು ನೀರು ಕುಡಿದ್ರಾ?’ ಅಂತ ದಿನಾ ಮೂರು ಸಲ ನೆನಪಿಸುವ ನಿಮಗೆ ಇದೊಂದನ್ನು ನೆನಪಿಸಲು ಆಗಲಿಲ್ಲ, ಅಲ್ವಾ?

ಚಂದಾ ತೆಗೆದುಕೊಂಡಾಗ ಆಟೋ ರಿನ್ಯೂವಲ್‌ಗೆ ಒಪ್ಪಿದ್ದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ವರ್ಷದ ಹಿಂದೆ ಒತ್ತಿದ ಒಂದು ಬಟನ್ ಯಾರಿಗೆ ನೆನಪಿರುತ್ತದೆ? ಮುಂಚೆಯೇ ತಿಳಿಸಿದ್ದರೆ ಅವತ್ತೇ ರದ್ದು ಮಾಡುತ್ತಿದ್ದೆ. ನವೆಂಬರ್‌ನಿಂದ ನಾನು ಆ್ಯಪ್ ತೆರೆದೇ ಇಲ್ಲ. ನಿಮ್ಮ ಲಾಗಿನ್ ದಾಖಲೆಯಲ್ಲೇ ನೋಡಬಹುದು.

ಹಣ ಕಡಿತವಾದ ದಿನವೇ ಚಂದಾ ರದ್ದು ಮಾಡಿದ್ದೇನೆ. ಅದರ ಸ್ಕ್ರೀನ್‌ಶಾಟ್ ಮತ್ತು ಬ್ಯಾಂಕಿನ ಮೆಸೇಜ್ ಇದರ ಜೊತೆಗಿವೆ. ಪೂರ್ತಿ ಹಣವನ್ನು ಅದೇ ಕಾರ್ಡ್‌ಗೆ ವಾಪಸ್ ಮಾಡಿ. ಕ್ರೆಡಿಟ್ ಪಾಯಿಂಟ್, ಉಚಿತ ತಿಂಗಳು ಬೇಡ. ನೆನಪಿನ ಇಮೇಲ್ ಕಳಿಸಿದ್ದೇವೆ ಎನ್ನುವುದಾದರೆ, ಯಾವ ದಿನ, ಯಾವ ವಿಳಾಸಕ್ಕೆ ಎಂದು ತೋರಿಸಿ.

ಏಳು ದಿನದೊಳಗೆ ಉತ್ತರ ಬರದಿದ್ದರೆ ಬ್ಯಾಂಕಿನಲ್ಲಿ ಈ ಪಾವತಿಯ ಬಗ್ಗೆ ತಕರಾರು ದಾಖಲಿಸುತ್ತೇನೆ.

ಇಂತಿ,
ಈ ಇಮೇಲ್ ವಿಳಾಸದ ಖಾತೆದಾರೆ