ಭಜನಾ ಮಂದಿರದ ಉದ್ಘಾಟನೆಯಂದು ಮಂಡಳಿಯ ಅಧ್ಯಕ್ಷೆಯ ಮಾತು

ವೇದಿಕೆಯ ಮೇಲಿರುವ ಹಿರಿಯರಿಗೆ, ಈ ಮಂದಿರವನ್ನು ಕಟ್ಟಿ ನಿಲ್ಲಿಸಿದ ಕೆಲಸಗಾರರಿಗೆ, ತಾಯಂದಿರಿಗೆ, ನೆರೆಕರೆಯ ಬಂಧುಗಳಿಗೆ ಮತ್ತು ಊರ ಹತ್ತು ಸಮಸ್ತರಿಗೆ ಭಜನಾ ಮಂಡಳಿಯ ಪರವಾಗಿ ನನ್ನ ನಮಸ್ಕಾರಗಳು.

ಕಳೆದ ವರ್ಷದ ಆಟಿ ತಿಂಗಳಲ್ಲಿ ಒಂದು ರಾತ್ರಿ ಬೀಸಿದ ಗಾಳಿಗೆ ಹಿಂಬದಿಯ ಮರವೊಂದು ಬುಡಸಮೇತ ಬಿದ್ದು ನಮ್ಮ ಹಳೆಯ ಭಜನಾ ಕೊಟ್ಟಿಗೆ ನೆಲಸಮವಾದದ್ದು ನಿಮಗೆಲ್ಲ ಗೊತ್ತಿದೆ. ಮಡಲು ಹೊದೆಸಿದ ಆ ಮಾಡಿನ ಕೆಳಗೆ ನಲ್ವತ್ತು ವರ್ಷ ಪ್ರತಿ ಶನಿವಾರ ದೀಪ ಉರಿದಿತ್ತು. ಮರುದಿನ ಬೆಳಿಗ್ಗೆ ಬಂದವರು ಮಡಲುಗಳ ಅಡಿಯಿಂದ ಮೊದಲು ಎತ್ತಿದ್ದು ತಾಳಗಳನ್ನು, ಆಮೇಲೆ ಒದ್ದೆಯಾದ ಹಾರ್ಮೋನಿಯಮ್ಮನ್ನು. ಆ ಶನಿವಾರವೂ ಭಜನೆ ತಪ್ಪಲಿಲ್ಲ. ರಸ್ತೆಬದಿಯ ಮನೆಯೊಂದರ ಜಗಲಿಯಲ್ಲಿ ನಡೆಯಿತು, ಮತ್ತು ಇಷ್ಟು ದಿನ ಮನೆಯಿಂದ ಮನೆಗೆ ಹೋಗುತ್ತಲೇ ಇತ್ತು. ತಮ್ಮ ಜಗಲಿಯನ್ನು ಸಗಣಿ ಸಾರಿಸಿ, ಬೆಲ್ಲ ನೀರು ಇಟ್ಟು ನಮ್ಮನ್ನು ಕಾದ ಆ ಎಲ್ಲ ಮನೆಗಳಿಗೆ ನನ್ನ ಮೊದಲ ಕೃತಜ್ಞತೆ ಸಲ್ಲಬೇಕು.

ಈಗ ಕಟ್ಟಿದವರ ಮಾತು. ನಲ್ವತ್ತು ಅಡಿ ಉದ್ದ, ಇಪ್ಪತ್ತನಾಲ್ಕು ಅಡಿ ಅಗಲದ ಈ ಹಜಾರಕ್ಕೆ ಮೂರು ಸಾವಿರಕ್ಕೂ ಮಿಕ್ಕಿ ಕೆಂಪುಕಲ್ಲು ಹಿಡಿಯಿತು. ಗೋಡೆಗೆ ಸಾರಣೆ ಬೇಡ, ಕಲ್ಲು ಕಲ್ಲಾಗಿಯೇ ಕಾಣಲಿ ಎಂದು ಹೇಳಿದವರು ನಮ್ಮ ಮೇಸ್ತ್ರಿಗಳು. ಹಾಗೆ ಹೇಳಿದ್ದರಿಂದ ಅವರ ಕೆಲಸವೇ ಹೆಚ್ಚಾಯಿತು, ಏಕೆಂದರೆ ಸಾರಣೆಯ ಅಡಿಯಲ್ಲಿ ಮುಚ್ಚಿಹೋಗುವ ಓರೆಕೋರೆಗಳನ್ನು ಒಂದೊಂದು ಕಲ್ಲಿನಲ್ಲೂ ಕೆತ್ತಿ ಸರಿಪಡಿಸಬೇಕಾಯಿತು. ಪತ್ತನಾಜೆಯ ಒಳಗೆ ಮಾಡು ಮುಚ್ಚಲೇಬೇಕೆಂಬ ನಮ್ಮ ಒತ್ತಾಯಕ್ಕೆ ಆಚಾರಿಗಳು ಪಕ್ಕಾಸು, ರೀಪುಗಳ ಕೆಲಸವನ್ನು ರಾತ್ರಿ ದೀಪ ಹಾಕಿಕೊಂಡು ಮುಗಿಸಿದರು. ಬಾಗಿಲಿನ ಹಲಸಿನ ಮರವನ್ನು ತಮ್ಮ ಹಿತ್ತಿಲಿನಿಂದ ಕೊಟ್ಟವರು ತೋಡಿನ ಆಚೆಯ ಕ್ರೈಸ್ತ ಕುಟುಂಬದ ಹಿರಿಯ ತಾಯಿ. ಏಪ್ರಿಲ್‌ ತಿಂಗಳಲ್ಲಿ ನಮ್ಮ ಬಾವಿ ತಳ ಕಂಡಾಗ, ಹೊಸ ಗೋಡೆ ಒಣಗಿ ಬಿರುಕು ಬಿಡಬಾರದೆಂದು, ಪಕ್ಕದ ಬ್ಯಾರಿ ಮನೆಯವರು ತಾವಾಗಿಯೇ ಪಂಪಿಗೆ ಪೈಪು ಜೋಡಿಸಿ ಬೆಳಿಗ್ಗೆ ಸಂಜೆ ನೀರು ಬಿಟ್ಟರು. ಅದು ಉಪವಾಸದ ತಿಂಗಳೋ ಹಬ್ಬದ ದಿನವೋ ಎಂದು ನೋಡದೆ ಒಂದು ದಿನವೂ ತಪ್ಪಿಸದೆ ಮಾಡಿದ ಆ ಉಪಕಾರವನ್ನು ಈ ಗೋಡೆ ನಿಂತಿರುವವರೆಗೆ ನಾವು ಮರೆಯಬಾರದು.

ಮಾಡಿನ ಹಂಚುಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಲು ಅನುಮತಿ ಬೇಡುತ್ತೇನೆ. ಒಟ್ಟು 2,600 ಹಂಚುಗಳಲ್ಲಿ 1,100 ಹಂಚುಗಳು ನಮ್ಮ ಬೈಲಿನ ಹಳೆಯ ಮನೆಯೊಂದನ್ನು ಬಿಚ್ಚಿದಾಗ ದಾನವಾಗಿ ಬಂದವು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ನಮ್ಮ ಜಿಲ್ಲೆಯ ಮಣ್ಣು ಎಷ್ಟೋ ಊರುಗಳ ಮನೆ, ಶಾಲೆ, ಗುಡಿ, ಇಗರ್ಜಿ, ಮಸೀದಿಗಳ ತಲೆಯ ಮೇಲೆ ನೆರಳಾಗಿ ನಿಂತಿತು. ಆ ಪರಂಪರೆಯ ಹಂಚುಗಳನ್ನು ನಮ್ಮ ಮಕ್ಕಳು ಶಾಲೆಯ ರಜೆಯಲ್ಲಿ ತೋಡಿನ ಬದಿಗೆ ಹೊತ್ತು, ತೆಂಗಿನ ನಾರಿನಿಂದ ಪಾಚಿ ಉಜ್ಜಿ ತೊಳೆದುಕೊಟ್ಟರು. ಹಾಗೆ ತೊಳೆಯುವಾಗ ಒಂದು ಹಂಚಿನ ಒಳಮೈಯಲ್ಲಿ ಹಸಿಮಣ್ಣಿಗೆ ಯಾರದೋ ಮೂರು ಬೆರಳು ಒತ್ತಿದ ಗುರುತು ಕಂಡಿತು. ಬೆರಳುಗಳು ಸಣ್ಣವು, ಹೆಂಗಸಿನ ಕೈಯೇ ಇರಬೇಕು. ಆಚಾರಿಗಳು ಆ ಹಂಚನ್ನು ಬೇರೆಯಾಗಿ ತೆಗೆದಿಟ್ಟು, ಬಾಗಿಲಿನ ಎದುರು ಜಗಲಿಯ ಮಾಡಿನಲ್ಲಿ, ತಲೆ ಎತ್ತಿದರೆ ಕಾಣುವ ಸಾಲಿನಲ್ಲಿ ಕೂರಿಸಿದ್ದಾರೆ. ಹೆಸರು ತಿಳಿಯದ ಆ ಕೈಗೂ ಇಂದು ನಮ್ಮ ನಮಸ್ಕಾರ ಸಲ್ಲಲಿ.

ಮಾಡು ಮುಚ್ಚಿದ ಸಂಜೆ ಇನ್ನೊಂದು ಪ್ರಸಂಗ ನಡೆಯಿತು. ಬಾಗಲಕೋಟೆಯ ಕಡೆಯಿಂದ ಕೆಲಸಕ್ಕೆ ಬಂದಿದ್ದ ಕುಟುಂಬದ ಯಜಮಾನರು ಕೈಕಾಲು ತೊಳೆದು ಬಂದು, ಇನ್ನೂ ನೆಲ ಹಾಕದ ಮಣ್ಣಿನ ಮೇಲೆ ಕುಳಿತು, ತಮ್ಮ ಊರಿನ ತತ್ವಪದವೊಂದನ್ನು ಹಾಡಿದರು. ಬುಟ್ಟಿಯನ್ನು ಬೋರಲು ಹಾಕಿ ಅವರ ಮಗ ತಾಳ ಹಿಡಿದ. ಈ ಮಂದಿರದಲ್ಲಿ ಮೊಳಗಿದ ಮೊದಲ ಹಾಡು ನಮ್ಮ ಮಂಡಳಿಯದ್ದಲ್ಲ, ಅವರದ್ದು. ಅವರು ಇಂದು ಸಕುಟುಂಬರಾಗಿ ಬಂದು ಮುಂದಿನ ಸಾಲಿನಲ್ಲಿ ಕುಳಿತಿರುವುದು ನನಗೆ ತುಂಬಾ ಸಂತೋಷ ತಂದಿದೆ.

ದಾನಿಗಳ ವಿಷಯದಲ್ಲಿ ಮಂಡಳಿ ಒಂದು ತೀರ್ಮಾನ ಮಾಡಿದೆ. ಬಾಗಿಲ ಬಳಿಯ ಫಲಕದಲ್ಲಿ ಎಲ್ಲ ದಾನಿಗಳ ಹೆಸರುಗಳೂ ಅಕ್ಷರಮಾಲೆಯ ಕ್ರಮದಲ್ಲಿವೆ. ಯಾರ ಹೆಸರಿನ ಮುಂದೆಯೂ ಮೊತ್ತ ಇಲ್ಲ. ಮುಂಬೈಯ ಹೋಟೆಲುಗಳಲ್ಲಿ ದುಡಿಯುವ ನಮ್ಮೂರ ಮಕ್ಕಳು, ಕೊಲ್ಲಿ ದೇಶಗಳಲ್ಲಿರುವವರು ದೊಡ್ಡ ಮನಸ್ಸಿನಿಂದ ಕಳಿಸಿದ ಹಣವಿಲ್ಲದೆ ಈ ಕೆಲಸ ಪಂಚಾಂಗದಿಂದ ಮೇಲೇಳುತ್ತಿರಲಿಲ್ಲ. ಅವರಿಗೆ ನಾವು ಋಣಿಗಳು. ಆದರೆ ನೀವು ಇನ್ನು ಸ್ವಲ್ಪ ಹೊತ್ತಿನಲ್ಲಿ ಕಾಲಿಡಲಿರುವ ಈ ಕಾವಿ ನೆಲದ ಕಥೆಯನ್ನು ಹೇಳದಿದ್ದರೆ ನನ್ನ ಮಾತು ಅಪೂರ್ಣವಾಗುತ್ತದೆ. ನಮ್ಮ ಬೈಲಿನಲ್ಲಿ ಬೀಡಿ ಕಟ್ಟುವ 34 ಮಂದಿ ತಾಯಂದಿರು, ಬೀಡಿ ಕೊಟ್ಟು ಮಜೂರಿ ಪಡೆದ ವಾರವಾರವೂ ತಲಾ ಹತ್ತು ರೂಪಾಯಿಯಂತೆ ಅರವತ್ತು ವಾರ ತೆಗೆದಿಟ್ಟು, 20,400 ರೂಪಾಯಿಗಳನ್ನು ನಮ್ಮ ಕೈಗೆ ಒಪ್ಪಿಸಿದರು. ಹಣ ಕೊಟ್ಟು ಸುಮ್ಮನಾಗಲಿಲ್ಲ. ನೆಲಕ್ಕೆ ನುಣುಪು ಬರುವವರೆಗೆ ಸರದಿಯಂತೆ ಬಂದು ಉಜ್ಜಿದವರೂ ಅವರೇ.

ಒಟ್ಟು ಖರ್ಚು 16 ಲಕ್ಷದ 42 ಸಾವಿರ ರೂಪಾಯಿ. ಇದರಲ್ಲಿ 1 ಲಕ್ಷದ 10 ಸಾವಿರ ರೂಪಾಯಿ ಸಿಮೆಂಟು ಮತ್ತು ಕಬ್ಬಿಣದ ಅಂಗಡಿಗೆ ಕೊಡಲು ಬಾಕಿ ಇದೆ. ಜಮಾಖರ್ಚಿನ ಪ್ರತಿಯನ್ನು ಜಗಲಿಯ ಗೋಡೆಗೆ ಅಂಟಿಸಿದ್ದೇವೆ. ಯಾರೂ ಓದಬಹುದು, ಕೇಳಬಹುದು.

ಕೊನೆಯದಾಗಿ ನೆರೆಕರೆಯವರಲ್ಲಿ ಒಂದು ವಿನಂತಿ. ಶನಿವಾರ ಸಂಜೆ ಇಲ್ಲಿ ಭಜನೆ ನಡೆಯುತ್ತದೆ. ಉಳಿದ ಹೊತ್ತಿನಲ್ಲಿ ಈ ಹಜಾರ ಖಾಲಿ ಬಿದ್ದಿರುವುದನ್ನು ನೋಡಲು ನಮಗೆ ಮನಸ್ಸಿಲ್ಲ. ಮನೆಯಲ್ಲಿ ಓದಲು ಜಾಗ ಸಾಲದ ಮಕ್ಕಳು ಪರೀಕ್ಷೆಯ ಕಾಲದಲ್ಲಿ ಇಲ್ಲಿ ಬಂದು ಕೂರಲಿ, ಸ್ವಸಹಾಯ ಸಂಘದವರು ಸಭೆ ಸೇರಲಿ, ನಾಮಕರಣ, ನಿಶ್ಚಿತಾರ್ಥಗಳಂಥ ಸಣ್ಣ ಕಾರ್ಯಗಳು ನಡೆಯಲಿ. ಬಾಡಿಗೆ ಇಲ್ಲ, ಗುಡಿಸಿ, ಚಾಪೆ ಸುತ್ತಿಟ್ಟು ಹೋದರೆ ಸಾಕು. ಯಾವ ಮತದವರೇ ಆಗಲಿ, ಮನಸ್ಸಿಗೆ ಭಾರವಾದ ದಿನ ಬಂದು, ತಮಗೆ ತಿಳಿದಂತೆ ಪ್ರಾರ್ಥಿಸಿ ಅಥವಾ ಸುಮ್ಮನೆ ಕುಳಿತು ಹೋಗಬಹುದು. ಯಾಕೆ ಬಂದಿರಿ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಮೆಟ್ಟಿಲು ಹತ್ತಲಾಗದವರಿಗೆ ಎಡಬದಿಯಲ್ಲಿ ಇಳಿಜಾರು ದಾರಿ ಇದೆ. ಬೀಗದ ಕೈ ಎದುರಿನ ದಿನಸಿ ಅಂಗಡಿಯಲ್ಲಿರುತ್ತದೆ, ಮತ್ತು ಜಗಲಿಗೆ ಬೀಗವೇ ಇಲ್ಲ. ಮಳೆಗಾಲದಲ್ಲಿ ಬಸ್ಸು ಕಾಯುವ ಶಾಲೆಯ ಮಕ್ಕಳು ಅಲ್ಲಿ ನಿಲ್ಲಲೆಂದೇ ಅದನ್ನು ಆರು ಅಡಿ ಅಗಲ ಮಾಡಿಸಿದ್ದೇವೆ.

ನಮ್ಮ ಕಡೆಯಿಂದಲೂ ಒಂದು ಮಾತು ಕೊಡುತ್ತೇವೆ. ಧ್ವನಿವರ್ಧಕದ ಬಾಯಿ ಹೊರಗೆ ತಿರುಗುವುದಿಲ್ಲ. ಕಾನೂನು ರಾತ್ರಿ ಹತ್ತರವರೆಗೆ ಅವಕಾಶ ಕೊಟ್ಟಿದ್ದರೂ ಒಂಬತ್ತಕ್ಕೇ ಅದನ್ನು ಆರಿಸುತ್ತೇವೆ. ಸುತ್ತಲಿನ ಮನೆಗಳಲ್ಲಿ ಎಳೆಯ ಮಕ್ಕಳಿದ್ದಾರೆ, ಹಾಸಿಗೆ ಹಿಡಿದ ಹಿರಿಯರಿದ್ದಾರೆ. ಇಂದು ರಾತ್ರಿಯಿಡೀ ನಡೆಯುವ ಭಜನೆಯೂ ಒಂಬತ್ತರ ಬಳಿಕ ಬರಿಯ ತಾಳ, ಕಂಠಗಳಲ್ಲಿಯೇ ಸಾಗುತ್ತದೆ.

ಈಗ ನಮ್ಮ ಬೈಲಿನ ಅತ್ಯಂತ ಹಿರಿಯ ತಾಯಿ, ಹಳೆಯ ಕೊಟ್ಟಿಗೆಯಲ್ಲಿ ಮೊದಲ ದಿನ ಬತ್ತಿ ಹೊಸೆದು ಕೊಟ್ಟವರು, ಇಲ್ಲಿಯೂ ದೀಪ ಬೆಳಗಿಸುತ್ತಾರೆ. ಅವರ ಹಿಂದೆ ಮೇಸ್ತ್ರಿಗಳು, ಆಚಾರಿಗಳು, ಕೆಲಸಗಾರರೆಲ್ಲರೂ ಮೊದಲು ಒಳಗೆ ಹೋಗಬೇಕೆಂದು ಕೇಳಿಕೊಳ್ಳುತ್ತೇನೆ. ಗದ್ದೆಯ ಚಪ್ಪರದಲ್ಲಿ ಊಟ ಸಿದ್ಧವಿದೆ. ಚಾಪೆ ಹಾಸಿದೆ, ಎಲ್ಲರೂ ದಯವಿಟ್ಟು ಒಳಗೆ ಬನ್ನಿ.