ಶಕ್ತಿ ಯೋಜನೆ ಮತ್ತು ಹೆಂಗಸರ ದುಡಿಮೆ: ವ್ಯತ್ಯಾಸಗಳ ವ್ಯತ್ಯಾಸ ವಿಧಾನ

ಎಂ.ಎ. ಅರ್ಥಶಾಸ್ತ್ರ, ಟರ್ಮ್ ಪೇಪರ್
ಭಾಗ 3: ವಿಧಾನ

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಅಂದಿನಿಂದ ಕರ್ನಾಟಕದ ಹೆಂಗಸರು ಸರ್ಕಾರಿ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದೊಳಗೆ ದುಡ್ಡಿಲ್ಲದೆ ಓಡಾಡುತ್ತಿದ್ದಾರೆ. ಇದರಿಂದ ಹೊರಗೆ ಕೆಲಸಕ್ಕೆ ಹೋಗುವ ಹೆಂಗಸರು ಜಾಸ್ತಿಯಾದರೇ? ಈ ಪೇಪರ್ ಕೇಳುವ ಪ್ರಶ್ನೆ ಇದು.

ಯೋಜನೆಗೆ ಮೊದಲು ಎಷ್ಟು ಜನ ಹೋಗುತ್ತಿದ್ದರು, ಆಮೇಲೆ ಎಷ್ಟು ಜನ ಹೋದರು ಎಂದು ಕಳೆದು ನೋಡಿದರೆ ಉತ್ತರ ಸಿಗುವುದಿಲ್ಲ. ಆ ಅವಧಿಯಲ್ಲಿ ಬದಲಾಗಿದ್ದು ಬಸ್ ಟಿಕೆಟ್ ಮಾತ್ರ ಅಲ್ಲ. ಕೋವಿಡ್ ಹೊಡೆತದಿಂದ ಕೆಲಸಗಳು ಚೇತರಿಸಿಕೊಳ್ಳುತ್ತಿದ್ದವು. ಅದೇ ವರ್ಷ ಆಗಸ್ಟ್ 30ರಂದು ಗೃಹಲಕ್ಷ್ಮಿಯೂ ಬಂತು. ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಹಾಗಾಗಿ ಯೋಜನೆ ಬರದಿದ್ದರೆ ಏನಾಗುತ್ತಿತ್ತು ಎಂದು ತೋರಿಸುವ ಇನ್ನೊಂದು ಗುಂಪು ಬೇಕು.

ನೆರೆಯ ರಾಜ್ಯಗಳಲ್ಲಿ ಅಂಥ ಗುಂಪು ಸಿಗುವುದು ಕಷ್ಟ. ತಮಿಳುನಾಡಿನ ಸಾಮಾನ್ಯ ಬಸ್ಸುಗಳಲ್ಲಿ 2021ರಿಂದಲೇ ಹೆಂಗಸರಿಗೆ ಪ್ರಯಾಣ ಉಚಿತ. ಮಹಾರಾಷ್ಟ್ರ 2023ರ ಮಾರ್ಚ್‌ನಲ್ಲಿ ಅರ್ಧ ಟಿಕೆಟ್ ಮಾಡಿತು. ತೆಲಂಗಾಣ ಅದೇ ಡಿಸೆಂಬರ್‌ನಲ್ಲಿ ಉಚಿತ ಮಾಡಿತು. ಅದಕ್ಕೇ ನಾನು ರಾಜ್ಯದ ಒಳಗೇ, ಕರಾವಳಿಯಲ್ಲಿ ಹುಡುಕಿದೆ.

ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ಖಾಸಗಿ ಬಸ್ಸುಗಳೇ ಓಡುವ ದಾರಿಗಳು ಬಹಳ ಇವೆ. ಅಲ್ಲಿನ ಹೆಂಗಸರಿಗೂ ಯೋಜನೆಯ ಹಕ್ಕಿದೆ, ಆದರೆ ಬಾಗಿಲಿಗೆ ಬರುವ ಬಸ್ಸಿನಲ್ಲಿ ಟಿಕೆಟ್ ತೆಗೆಯಲೇಬೇಕು. ಪುತ್ತೂರು, ಸುಳ್ಯದ ಕಡೆ ಕೆಎಸ್ಆರ್‌ಟಿಸಿ ಓಡಾಟ ಚೆನ್ನಾಗಿದೆ. ಮಳೆ, ಭಾಷೆ, ಅಡಿಕೆ ಬೆಲೆ, ಸರ್ಕಾರ ಎಲ್ಲವೂ ಹೆಚ್ಚುಕಡಿಮೆ ಒಂದೇ. ಸರ್ಕಾರಿ ಬಸ್ಸಿನ ಊರುಗಳು ಯೋಜನೆ ಮುಟ್ಟಿದ ಗುಂಪು, ಖಾಸಗಿ ಬಸ್ಸಿನ ಊರುಗಳು ಹೋಲಿಕೆಯ ಗುಂಪು.

ತರ್ಕ ಸ್ಪಷ್ಟವಾಗಲೆಂದು ಕೆಲವು ಕಾಲ್ಪನಿಕ ಸಂಖ್ಯೆ ತೆಗೆದುಕೊಳ್ಳುತ್ತೇನೆ. ಸರ್ಕಾರಿ ಬಸ್ಸಿನ ಊರುಗಳಲ್ಲಿ ಮೊದಲು 100ರಲ್ಲಿ 40 ಹೆಂಗಸರು ಹೊರಗೆ ಕೆಲಸಕ್ಕೆ ಹೋಗುತ್ತಿದ್ದರು, ಆಮೇಲೆ 52. ಖಾಸಗಿ ಬಸ್ಸಿನ ಊರುಗಳಲ್ಲಿ ಮೊದಲು 46, ಆಮೇಲೆ 53. ಮೊದಲ ಗುಂಪನ್ನಷ್ಟೇ ನೋಡಿದರೆ ಯೋಜನೆಯಿಂದ 12 ಹೆಚ್ಚಾಯಿತು ಅನ್ನಿಸುತ್ತದೆ. ಆಮೇಲಿನ ಸ್ಥಿತಿಯನ್ನಷ್ಟೇ ಹೋಲಿಸಿದರೆ, 52 ಮತ್ತು 53, ಯೋಜನೆಯಿಂದ ನಷ್ಟವೇ ಆಯಿತು ಅನ್ನಿಸುತ್ತದೆ. ಎರಡೂ ತಪ್ಪು. ಯೋಜನೆ ಇಲ್ಲದ ಕಡೆಯೂ 7 ಏರಿದೆ. ಆ 7ನ್ನು 12ರಿಂದ ಕಳೆದರೆ ಉಳಿಯುವ 5 ಯೋಜನೆಯದ್ದು. ಸಮೀಕರಣದಲ್ಲಿ ಅದು δ:

```
Y_it = α + β·G_i + γ·T_t + δ·(G_i × T_t) + e_it
```

G ಅಂದರೆ ಸರ್ಕಾರಿ ಬಸ್ಸಿನ ಊರು, T ಅಂದರೆ 2023ರ ಜೂನ್ ನಂತರ. ಎರಡು ಗುಂಪುಗಳ ನಡುವೆ ಮೊದಲಿನಿಂದ ಇದ್ದ ಅಂತರವನ್ನು β ಹೊರುತ್ತದೆ, ಎಲ್ಲರಿಗೂ ಆದ ಬದಲಾವಣೆಯನ್ನು γ ಹೊರುತ್ತದೆ. Y ಅಂದರೆ ಮನೆಯ ಹೊರಗಿನ ಕೂಲಿ ಅಥವಾ ಸಂಬಳದ ಕೆಲಸ. ಬೀಡಿ ಕಟ್ಟುವುದನ್ನು ಇಲ್ಲಿ ಸೇರಿಸಿಲ್ಲ. ಅದೂ ದುಡಿಮೆಯೇ, ಬೆನ್ನು ಮುರಿಯುವ ದುಡಿಮೆ. ಆದರೆ ಅದಕ್ಕೆ ದಿನಾ ಬಸ್ ಹತ್ತಬೇಕಿಲ್ಲ. ಬೀಡಿ ಬಿಟ್ಟು ಗೇರುಬೀಜದ ಫ್ಯಾಕ್ಟರಿಗೆ ಹೋದವರು ಈ ಲೆಕ್ಕದಲ್ಲಿ ಕಾಣಿಸಬೇಕು.

ಇದೆಲ್ಲ ನಿಂತಿರುವುದು ಒಂದು ನಂಬಿಕೆಯ ಮೇಲೆ: ಶಕ್ತಿ ಬರದಿದ್ದರೆ ಎರಡೂ ಕಡೆ ಏರಿಳಿತ ಒಂದೇ ಥರ ಇರುತ್ತಿತ್ತು. ಮಟ್ಟ ಒಂದೇ ಇರಬೇಕಿಲ್ಲ. 40, 46 ಇದ್ದರೂ ತೊಂದರೆ ಇಲ್ಲ. ಗೆರೆಗಳು ಸಮಾನಾಂತರವಾಗಿ ಸಾಗಬೇಕು. ಇದನ್ನು ನೇರವಾಗಿ ಸಾಬೀತು ಮಾಡಲು ಆಗುವುದಿಲ್ಲ. 2023ಕ್ಕೆ ಹಿಂದಿನ ವರ್ಷಗಳಲ್ಲಿ ಗೆರೆಗಳು ಜೊತೆಯಾಗಿ ಸಾಗಿದ್ದವೇ ಎಂದು ನೋಡಬಹುದು ಅಷ್ಟೇ. 2020 ಮತ್ತು 2021 ಲಾಕ್‌ಡೌನ್‌ನ ವರ್ಷಗಳಾದ್ದರಿಂದ ಅವನ್ನು ಸೇರಿಸಿಯೂ ಬಿಟ್ಟೂ ನೋಡುತ್ತೇನೆ.

ಗೃಹಲಕ್ಷ್ಮಿ ಎರಡೂ ಕಡೆ ಬಂದಿದ್ದರಿಂದ ಕಳೆಯುವಾಗ ಹೋಗಿಬಿಡುತ್ತದೆ ಅಲ್ವಾ? ಪೂರ್ತಿ ಹೋಗದೆಯೂ ಇರಬಹುದು. ಖಾಸಗಿ ಬಸ್ಸಿನ ಊರಿನ ಹೆಂಗಸು ಆ 2000ದಲ್ಲೇ ಬಸ್ ಚಾರ್ಜ್ ಕೊಟ್ಟು ಕೆಲಸಕ್ಕೆ ಹೋಗತೊಡಗಿದ್ದರೆ, 7ರಲ್ಲಿ ಒಂದು ಪಾಲು ಆ ದುಡ್ಡಿನದು. ಆಗ δ ಶಕ್ತಿಯ ನಿಜವಾದ ಪರಿಣಾಮಕ್ಕಿಂತ ಕಡಿಮೆ ತೋರಿಸುತ್ತದೆ. ಸ್ವಲ್ಪ ನಡೆದು ಸರ್ಕಾರಿ ಬಸ್ ಹಿಡಿಯುವವರು ಹೋಲಿಕೆಯ ಗುಂಪಿನಲ್ಲಿದ್ದರೂ ಹೀಗೇ ಆಗುತ್ತದೆ. ಆದ್ದರಿಂದ ಸರ್ಕಾರಿ ಬಸ್ ನಿಲ್ದಾಣದಿಂದ 2 ಕಿಲೋಮೀಟರ್ ಒಳಗಿನ ಮನೆಗಳನ್ನು ಹೋಲಿಕೆಯ ಗುಂಪಿನಿಂದ ತೆಗೆದಿದ್ದೇನೆ.

ಕೊನೆಯ ಪರೀಕ್ಷೆ ಗಂಡಸರ ಮೇಲೆ. ಬಿಹಾರದಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಟ್ಟ ಯೋಜನೆಯನ್ನು ಅಳೆದ ಮುರಳೀಧರನ್ ಮತ್ತು ಪ್ರಕಾಶ್ ಹುಡುಗರನ್ನೂ ಪಕ್ಕದ ಜಾರ್ಖಂಡನ್ನೂ ಹೋಲಿಕೆಗೆ ಇಟ್ಟುಕೊಂಡಿದ್ದರು. ನಾನೂ ಅದೇ ಊರುಗಳ ಗಂಡಸರಿಗೆ ಇದೇ ಲೆಕ್ಕ ಹಾಕುತ್ತೇನೆ. ಅವರಿಗೆ ಬಸ್ ಉಚಿತವಲ್ಲ. ಅವರಲ್ಲೂ 5 ಬಂದರೆ, ಪುತ್ತೂರಿನ ಕಡೆ ಬೇರೇನೋ ಆಗಿದೆ, ಅದು ಶಕ್ತಿಯ ಫಲವಲ್ಲ ಎಂದೇ ಬರೆಯುತ್ತೇನೆ.