ತಾತ ಯಾವ ಊರಿಗೆ ಹೋದರು ಅಂತ ಕೇಳಿದೆಯಲ್ಲ, ಚಿರು

ಬೆಂಗಳೂರು
ಭಾನುವಾರ ರಾತ್ರಿ

ಚಿರು ಮರಿ,

ನಿನ್ನೆ ಫೋನಿನಲ್ಲಿ ನೀನು ಒಂದು ಪ್ರಶ್ನೆ ಕೇಳಿದೆ. ನಾನು "ಆಮೇಲೆ ಹೇಳ್ತೀನಿ ಕಣೋ" ಅಂತ ಫೋನ್ ಇಟ್ಟುಬಿಟ್ಟೆ. ತಪ್ಪು ನನ್ನದೇ. ನನಗೆ ಅಳು ಬಂದಿತ್ತು. ನಿನಗೆ ಅವರು ತಾತ, ನನಗೆ ಅಪ್ಪ ಅಲ್ವಾ. ಈಗ ಕೂತು ಬರೆಯುತ್ತಿದ್ದೇನೆ. ನೀನೀಗ ಮೂರನೇ ಕ್ಲಾಸು, ಓದೋಕೆ ಬರುತ್ತೆ. ಬಾರದ ಕಡೆ ಅಮ್ಮನ ಕೈಲಿ ಓದಿಸಿಕೋ.

ಒಬ್ಬೊಬ್ಬರು ನಿನಗೆ ಒಂದೊಂದು ಹೇಳಿದ್ದಾರೆ. ಪಕ್ಕದ ಮನೆ ಆಂಟಿ, ತಾತ ನಕ್ಷತ್ರ ಆದರು ಅಂದರು. ಅಜ್ಜಿ, ಶಿವನ ಪಾದ ಸೇರಿದರು ಅಂದರು. ಯಾರೋ ಮಲಗಿದ್ದಾರೆ ಅಂದರು. ಇನ್ಯಾರೋ ದೂರದ ಊರಿಗೆ ಹೋಗಿದ್ದಾರೆ ಅಂದರು. ಅದನ್ನು ಕೇಳಿ ನೀನು ಸ್ಕೂಲ್ ಬ್ಯಾಗಿನ ಪುಸ್ತಕವೆಲ್ಲ ಹೊರಗೆ ತೆಗೆದು, ತಾತನ ಕಂದು ಸ್ವೆಟರ್ ಮಡಿಸಿ ತುಂಬಿಟ್ಟಿದ್ದೀಯಂತೆ. ಅಲ್ಲಿ ಚಳಿ ಇದ್ದರೆ ಬೇಕಾಗುತ್ತೆ ಅಂತ. ಅಮ್ಮ ಹೇಳಿದಳು.

ಆ ಸ್ವೆಟರ್ ಬೇಡ ಮರಿ. ತಾತನಿಗೆ ಚಳಿ ಆಗುವುದಿಲ್ಲ. ಹಸಿವೂ ಆಗುವುದಿಲ್ಲ. ತಾತ ಸತ್ತುಹೋಗಿದ್ದಾರೆ.

ಇದು ಕೇಳೋಕೆ ಗಟ್ಟಿ ಮಾತು. ಆದರೆ ಮೆತ್ತಗಿನ ಮಾತು ಹೇಳಿ ಹೇಳಿ ನಾವೇ ನಿನ್ನನ್ನು ಗೊಂದಲಕ್ಕೆ ಹಾಕಿದ್ದೇವೆ. ನೋಡು, ನಮ್ಮ ಮಾತಿನಲ್ಲಿ ಯಾರಾದರೂ ಸತ್ತರೆ "ಹೋದರು" ಅನ್ನುತ್ತೇವೆ. "ಹೋಗಿಬಿಟ್ರು" ಅನ್ನುತ್ತೇವೆ. ಹೋದರು ಅಂದ ಮೇಲೆ ಎಲ್ಲಿಗೆ ಅಂತ ಕೇಳಲೇಬೇಕಲ್ಲ? ನೀನು ಕೇಳಿದ್ದು ಸರಿಯಾಗೇ ಇದೆ. ಆ ಮಾತೇ ಸ್ವಲ್ಪ ಮೋಸದ್ದು.

ನಿನಗೆ ಬಸ್ಸಿನ ಲೆಕ್ಕದಲ್ಲಿ ಹೇಳುತ್ತೇನೆ. ಕಂಡಕ್ಟರ್ ಮೊಮ್ಮಗ ನೀನು. ಮಂಡ್ಯ ಡಿಪೋದಲ್ಲಿ ಬಸ್ ನಿಂತಿರುತ್ತೆ, ಇಂಜಿನ್ ಆನ್ ಇರುತ್ತೆ. ಗರಗರ ಸದ್ದು, ಕಿಟಕಿ ಗಾಜು ಅದುರುತ್ತೆ, ಸೀಟು ಅದುರುತ್ತೆ. ಡ್ರೈವರ್ ಇಂಜಿನ್ ಆಫ್ ಮಾಡುತ್ತಾರೆ. ಆಗ ಆ ಗರಗರ ಸದ್ದು ಎಲ್ಲಿಗೆ ಹೋಯ್ತು? ಸೀಟಿನ ಕೆಳಗೆ ಬಗ್ಗಿ ನೋಡಿದರೂ ಇಲ್ಲ, ಟಾಪ್ ಮೇಲೆ ಹತ್ತಿ ನೋಡಿದರೂ ಇಲ್ಲ. ಅದು ಎಲ್ಲಿಗೂ ಹೋಗಲಿಲ್ಲ. ನಿಂತಿತು, ಅಷ್ಟೆ. ತಾತ ಉಸಿರಾಡುವುದು, ನಗುವುದು, "ಹೋಲ್ಡಾನ್!" ಅಂತ ಕೂಗುವುದು, ನಿನ್ನ ಕಿವಿ ಹಿಂಡುವುದು ಎಲ್ಲ ಹಾಗೇ ನಿಂತಿತು. ಬಸ್ಸನ್ನು ಮತ್ತೆ ಸ್ಟಾರ್ಟ್ ಮಾಡಬಹುದು. ಮನುಷ್ಯರ ಮೈ ಒಂದು ಸಲ ಪೂರ್ತಿ ನಿಂತರೆ ಮತ್ತೆ ಶುರುವಾಗುವುದಿಲ್ಲ. ಡಾಕ್ಟರ್ ತುಂಬಾ ಹೊತ್ತು ಪ್ರಯತ್ನ ಮಾಡಿದರು. ನಾನು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದೆ.

ಯಾಕೆ ನಿಂತಿತು ಅಂತಾನೂ ಹೇಳುತ್ತೇನೆ. ಎದೆಯೊಳಗೆ ಹೃದಯ ಇದೆಯಲ್ಲ, ಅದು ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತೆ. ತಾತನಿಗೆ 71 ವರ್ಷ. ಲೆಕ್ಕ ಹಾಕಿದರೆ 250 ಕೋಟಿಗೂ ಜಾಸ್ತಿ ಸಲ ಬಡಿದಿದೆ, ಒಂದು ದಿನವೂ ರಜೆ ಹಾಕದೆ. ಆ ಹೃದಯಕ್ಕೂ ರಕ್ತ ಬೇಕು. ಅದನ್ನು ಕೊಡುವ ಸಣ್ಣ ಕೊಳವೆಗಳು ಇರುತ್ತವೆ. ತಾತನಿಗೆ ಅದರಲ್ಲೊಂದು ಕೊಬ್ಬಿನಿಂದ ಕಿರಿದಾಗುತ್ತಾ ಬಂದು, ಆ ರಾತ್ರಿ ಕಟ್ಟಿಕೊಂಡಿತು. ಅದಕ್ಕೆ ಹಾರ್ಟ್ ಅಟ್ಯಾಕ್ ಅನ್ನುತ್ತಾರೆ.

ಇಲ್ಲಿ ಒಂದು ವಿಷಯ. ಆ ಸಂಜೆ ಟಿವಿ ರಿಮೋಟ್‌ಗೆ ಜಗಳ ಆಡಿ, "ಹೋಗ್ ತಾತ, ನಿನ್ ಜೊತೆ ಟೂ" ಅಂದಿದ್ದೆಯಂತೆ. ಅದನ್ನು ಅಮ್ಮನ ಕಿವಿಯಲ್ಲಿ ಮಾತ್ರ ಹೇಳಿದ್ದೀಯ. ಅವಳು ನನಗೆ ಹೇಳಿದಳು, ಬೈಯಬೇಡ ಅವಳಿಗೆ. ಚಿರು, ಟೂ ಬಿಟ್ಟರೆ ಯಾರೂ ಸಾಯುವುದಿಲ್ಲ. ಆ ಕೊಳವೆ ಕಿರಿದಾಗೋಕೆ ಶುರುವಾಗಿದ್ದು ನೀನು ಹುಟ್ಟುವುದಕ್ಕಿಂತ ಮುಂಚೆ. ಕೋಪದ ಮಾತು ಅಲ್ಲಿಗೆ ತಲುಪುವುದೇ ಇಲ್ಲ. ನಾನು ಚಿಕ್ಕವಳಿದ್ದಾಗ ತಾತನ ಜೊತೆ ಟೂ ಬಿಟ್ಟದ್ದು ಒಂದು ಸಲವಾ, ಎರಡು ಸಲವಾ! ಅವರು ಅಡುಗೆಮನೆಗೆ ಹೋಗಿ ಅಜ್ಜಿ ಹತ್ತಿರ ನಗುತ್ತಿದ್ದರು. ಆ ಸಂಜೆಯೂ ನಕ್ಕರಂತೆ, ಅಜ್ಜಿಯನ್ನೇ ಕೇಳು.

ಮಲಗಿದ್ದಾರೆ ಅಂತ ಹೇಳಿದರಲ್ಲ, ಅದು ಸರಿಯಲ್ಲ. ಮಲಗಿದವರು ಉಸಿರಾಡುತ್ತಾರೆ, ಬೆಳಿಗ್ಗೆ ಏಳುತ್ತಾರೆ. ನಿನ್ನ ಹಾಗೆ ಎಂಟು ಗಂಟೆಗಾದರೂ ಏಳುತ್ತಾರೆ! ನಿದ್ದೆ ಬೇರೆ, ಸಾವು ಬೇರೆ. ನೀನು ಧೈರ್ಯವಾಗಿ ಮಲಗು.

ಇನ್ನು ತಾತನ ಮೈ ಏನಾಯ್ತು ಅನ್ನುವುದು. ಅದಕ್ಕೆ ಉತ್ತರ ಪಕ್ಕಾ ಇದೆ, ಯಾಕೆಂದರೆ ನಾನೂ ನಿಮ್ಮಪ್ಪನೂ ಜೊತೆಗೇ ಇದ್ದೆವು. ಕಟ್ಟಿಗೆ ಇಟ್ಟು ಸುಟ್ಟರು. ನೋವಾಗಲ್ವಾ ಅಂತ ನೀನು ಕೇಳುತ್ತೀಯ, ಗೊತ್ತು. ಹೋದ ವರ್ಷ ಹಲ್ಲು ಕೀಳಿಸಿಕೊಂಡಾಗ ಇಂಜೆಕ್ಷನ್ ಕೊಟ್ಟ ಮೇಲೆ ನಿನಗೆ ಏನೂ ಗೊತ್ತಾಗಲಿಲ್ಲ, ನೆನಪಿದೆಯಾ? ಹಲ್ಲಿನ ಸುದ್ದಿ ಮೆದುಳಿಗೆ ಮುಟ್ಟಲಿಲ್ಲ, ಅದಕ್ಕೆ. ನೋವು ಅಂತ ಗೊತ್ತಾಗುವುದೇ ಮೆದುಳಿಗೆ. ತಾತನ ಮೆದುಳು ಆಗಲೇ ನಿಂತುಹೋಗಿತ್ತು. ಒಂದು ಚೂರೂ ನೋವಾಗಲಿಲ್ಲ.

ಮೂರನೇ ದಿನ ಹಾಲು-ತುಪ್ಪ ಬಿಟ್ಟು ಬೂದಿ ತೆಗೆದುಕೊಂಡೆವು. ಬೂದಿಯ ಜೊತೆ ಸಣ್ಣ ಸಣ್ಣ ಮೂಳೆ ಚೂರು ಇದ್ದವು, ಬೆಳ್ಳಗೆ, ಸುಣ್ಣದ ಕಲ್ಲಿನ ಹಾಗೆ. ಮುಟ್ಟಿದರೆ ಹಗುರ. ಹಾಲಿನಲ್ಲಿ, ರಾಗಿಮುದ್ದೆಯಲ್ಲಿ ಇರುವ ಕ್ಯಾಲ್ಸಿಯಂನಿಂದ ಮೂಳೆ ಗಟ್ಟಿಯಾಗುತ್ತೆ ಅಂತ ನಿನ್ನ ಪುಸ್ತಕದಲ್ಲಿ ಇದೆಯಲ್ಲ, ಅದೇ. ಮಡಕೆಗೆ ಕೆಂಪು ಬಟ್ಟೆ ಕಟ್ಟಿ ಶ್ರೀರಂಗಪಟ್ಟಣಕ್ಕೆ ತಂದೆವು. ಅಲ್ಲಿ ಕಾವೇರಿ ಪಶ್ಚಿಮಕ್ಕೆ ತಿರುಗಿ ಹರಿಯುತ್ತಾಳೆ, ಆ ಜಾಗಕ್ಕೆ ಪಶ್ಚಿಮವಾಹಿನಿ ಅಂತ ಹೆಸರು. ನಿಮ್ಮಪ್ಪ ಮೊಣಕಾಲು ನೀರಿಗೆ ಇಳಿದು ಬಿಟ್ಟ. ಬೂದಿ ಒಂದು ಗಳಿಗೆ ನೀರಿನ ಮೇಲೆ ತೇಲಿ ಕರಗಿಹೋಯ್ತು.

ಆ ನೀರು ಅಲ್ಲಿಂದ ಶಿವನಸಮುದ್ರದಲ್ಲಿ ಧುಮುಕಿ, ಮೇಕೆದಾಟಿನ ಇಕ್ಕಟ್ಟಿನಲ್ಲಿ ನುಗ್ಗಿ, ತಮಿಳುನಾಡಿಗೆ ಹೋಗಿ, ಪೂಂಪುಹಾರ್ ಅನ್ನುವ ಊರಿನ ಹತ್ತಿರ ಸಮುದ್ರ ಸೇರುತ್ತೆ. ದಾರಿಯಲ್ಲಿ ಸ್ವಲ್ಪ ನೀರನ್ನು ಪಂಪ್ ಮಾಡಿ ಬೆಂಗಳೂರಿಗೂ ತರುತ್ತಾರೆ, ಸುಮಾರು 100 ಕಿಲೋಮೀಟರ್ ದೂರ. ನಮ್ಮ ಮನೆ ನಲ್ಲಿಯಲ್ಲಿ ಬರುವುದು ಅದೇ ಕಾವೇರಿ. ಛೀ ಅನ್ನಬೇಡ, ಶುದ್ಧ ಮಾಡಿಯೇ ಕಳಿಸುತ್ತಾರೆ! ಹೊಗೆ ಗಾಳಿಯಲ್ಲಿ ಬೆರೆಯಿತು. ಅಂಥ ಗಾಳಿಯನ್ನೇ ಎಲೆಗಳು ಎಳೆದುಕೊಂಡು ಗಿಡ ಬೆಳೆಯುತ್ತೆ.

ಈಗ ಕಾಗೆ ವಿಷಯ. ಹನ್ನೊಂದನೇ ದಿನ ತಿಥಿಯಲ್ಲಿ ಎಡೆ ಇಟ್ಟಿದ್ದರಲ್ಲ. ಮುದ್ದೆ, ನಾಟಿ ಕೋಳಿ ಸಾರು, ಎರಡು ಮದ್ದೂರು ವಡೆ. ನೀನು ನನ್ನ ಸೆರಗು ಹಿಡಿದುಕೊಂಡು ನೋಡುತ್ತಿದ್ದೆ. ಕಾಗೆ ಬಂದು ಕತ್ತು ಓರೆ ಮಾಡಿ ನೋಡಿ, ಮುದ್ದೆ ಬಿಟ್ಟು ವಡೆಯನ್ನೇ ಕಚ್ಚಿಕೊಂಡು ಹಾರಿತು. ಎಲ್ಲರೂ "ನೋಡು, ನೋಡು, ಬಂದ್ರು" ಅಂದರು. ನೀನು ಮೆಲ್ಲಗೆ, "ಅತ್ತೆ, ಆ ಕಾಗೆ ತಾತನಾ?" ಅಂದೆ.

ನಾನು ಅದನ್ನು ಕಾಗೆ ಅಂತಲೇ ತಿಳಿದುಕೊಂಡಿದ್ದೇನೆ, ಚಿರು. ಅದು ವಡೆಗೆ ಬಂತು. ಆದರೆ ತಾತನಿಗೂ ಮುದ್ದೆಗಿಂತ ವಡೆ ಜಾಸ್ತಿ ಇಷ್ಟ ಅಂತ ಗೊತ್ತಿದ್ದವರಿಗೆ ಆ ಹೊತ್ತಿನಲ್ಲಿ ತಾತನೇ ಬಂದ ಹಾಗೆ ಅನ್ನಿಸಿತು. ನನಗೂ ಒಂದು ಕ್ಷಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಉಳಿದ ಎಡೆ ನಾವೇ ತಿಂದೆವು. ನೀನೂ ತಿಂದೆ, ಕೋಳಿ ಕಾಲು.

ನಕ್ಷತ್ರದ ಮಾತೂ ಹಾಗೇ. ನಕ್ಷತ್ರಗಳೆಲ್ಲ ತಾತ ಹುಟ್ಟುವ ಎಷ್ಟೋ ಮುಂಚೆಯಿಂದ ಅಲ್ಲಿವೆ. ನೀನು ಮಹಡಿ ಮೇಲಿಂದ ತೋರಿಸಿದ್ದು ನಕ್ಷತ್ರವೂ ಅಲ್ಲ, ಶುಕ್ರ ಗ್ರಹ. ನೋಡಿ ತಾತನನ್ನು ನೆನೆಸಿಕೊಳ್ಳಬೇಕು ಅನ್ನಿಸಿದರೆ ನೆನೆಸಿಕೋ, ಅದಕ್ಕೇನು.

ಆದರೆ ಅಜ್ಜಿ ಶಿವನ ಪಾದ ಅಂದಾಗ "ಅತ್ತೆ ಹಾಗಲ್ಲ ಅಂದಿದ್ದಾರೆ" ಅಂತ ವಾದಕ್ಕೆ ನಿಲ್ಲಬೇಡ. ಮೈ ಬೇರೆ, ಆತ್ಮ ಬೇರೆ, ಮೈ ಸುಟ್ಟರೂ ಆತ್ಮ ಉಳಿಯುತ್ತೆ ಅಂತ ಅಜ್ಜಿ ನಂಬಿದ್ದಾಳೆ. ನಿನ್ನ ಫ್ರೆಂಡ್ ಅರ್ಮಾನ್ ಮನೆಯವರು ಅವನ ಅಜ್ಜಿಯನ್ನು ಮಣ್ಣಿನಲ್ಲಿ ಹೂಳಿದರು, ಅಲ್ಲಾಹನ ಹತ್ತಿರ ಹೋದರು ಅಂತ ನಂಬಿದ್ದಾರೆ. ಸತ್ತ ಮೇಲೆ ಏನಿದೆ ಅಂತ ನೋಡಿ ಬಂದು ಹೇಳಿದವರನ್ನು ನಾನು ಕಂಡಿಲ್ಲ. ಹಾಗಾಗಿ ಅವರವರ ಮನೆಯಲ್ಲಿ ಅವರವರ ನಂಬಿಕೆ. ನೀನು ದೊಡ್ಡವನಾದ ಮೇಲೆ ನಿನಗೆ ಯಾವುದು ಸರಿ ಅನ್ನಿಸುತ್ತೋ ನೋಡು. ಅವಸರ ಇಲ್ಲ. ನನಗೆ ನಲವತ್ತಾಯಿತು, ಇನ್ನೂ ಯೋಚಿಸುತ್ತಲೇ ಇದ್ದೇನೆ.

ಫೋನ್ ಇಡುವ ಮುಂಚೆ ನೀನು ಇನ್ನೊಂದು ಕೇಳಿದ್ದೆ. ಅಮ್ಮನೂ ಸಾಯ್ತಾಳಾ ಅಂತ. ಹೌದು ಮರಿ. ಹುಟ್ಟಿದವರೆಲ್ಲ ಒಂದಲ್ಲ ಒಂದು ದಿನ ಸಾಯುತ್ತಾರೆ. ಆದರೆ ಜಾಸ್ತಿ ಜನ ತುಂಬಾ ವಯಸ್ಸಾದ ಮೇಲೆ ಸಾಯುತ್ತಾರೆ. ಅಮ್ಮನಿಗೆ ಈಗ 34. ಗಟ್ಟಿಯಾಗಿದ್ದಾಳೆ, ನಿನ್ನನ್ನು ಅಟ್ಟಿಸಿಕೊಂಡು ಗೇಟಿನವರೆಗೂ ಓಡುತ್ತಾಳೆ. ನೀನು ಮೀಸೆ ಬಂದು ಕೆಲಸಕ್ಕೆ ಹೋಗುವವರೆಗೂ ಇರುತ್ತಾಳೆ ಅಂತಲೇ ನಾವೆಲ್ಲ ಅಂದುಕೊಂಡಿದ್ದೇವೆ. ಏನೇ ಆದರೂ ಅಪ್ಪ ಇದ್ದಾನೆ, ಅಜ್ಜಿ ಇದ್ದಾಳೆ, ನಾನಿದ್ದೇನೆ, ಮಾವ ಇದ್ದಾರೆ. ನೀನು ಒಬ್ಬನೇ ಆಗುವುದಿಲ್ಲ.

ಅಳು ಬಂದರೆ ಅಳು. ಬರದಿದ್ದರೆ ಸುಮ್ನೆ ಆಟ ಆಡು, ತಾತನಿಗೆ ಬೇಜಾರಾಗುತ್ತೆ ಅಂತ ಅಂದುಕೊಳ್ಳಬೇಡ. ಅಜ್ಜಿ ಅಳುತ್ತಿದ್ದರೆ ಹೋಗಿ ಪಕ್ಕದಲ್ಲಿ ಕೂತುಕೋ. ಏನೂ ಹೇಳಬೇಕಿಲ್ಲ.

ಶನಿವಾರ ಬರುತ್ತೇನೆ. ಬಸ್ಸಲ್ಲಿ ಅಲ್ಲ, ರೈಲಲ್ಲಿ, ಮದ್ದೂರು ಸ್ಟೇಷನ್ನಿನಲ್ಲಿ ವಡೆ ಸಿಗುತ್ತಲ್ಲ. ಅರ್ಥವಾಗದ ಕಡೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿಡು, ಇಬ್ಬರೂ ಕೂತು ನೋಡೋಣ. ಮತ್ತೆ ತಾತನ ವಿಷಲ್ ಬೀರುವಿನ ಎಡಗಡೆ ಖಾಕಿ ಷರ್ಟಿನ ಜೇಬಿನಲ್ಲಿದೆ. ಅಜ್ಜಿಯನ್ನು ಕೇಳಿದ್ದೇನೆ, ನಿನಗೆ ಕೊಡೋಕೆ ಒಪ್ಪಿದ್ದಾಳೆ. ಎರಡು ಸಲ ಊದಿದರೆ ಬಸ್ ಹೊರಡಬೇಕು, ಒಂದು ಸಲ ಊದಿದರೆ ನಿಲ್ಲಬೇಕು, ಅದು ನಿನಗೇ ಗೊತ್ತು. ಮಧ್ಯಾಹ್ನ ಅಜ್ಜಿ ಮಲಗಿದಾಗ ಮಾತ್ರ ಊದಬೇಡ. ಸ್ವೆಟರ್ ತೆಗೆದು ಪುಸ್ತಕ ತುಂಬು, ನಾಳೆ ಸ್ಕೂಲಿದೆ.

ನಿನ್ನ
ಅತ್ತೆ